ಸಂಘಕ್ಕೆ ಲಾಭವಿಲ್ಲ, ಆದರೂ ಟಿಡಿಎಸ್ ನೋಟಿಸ್

ಅಪಾರ್ಟ್‌ಮೆಂಟ್ ಸಂಘಕ್ಕೆ ಟಿಡಿಎಸ್ ನೋಟಿಸ್ ಬಂದಾಗ ಪದಾಧಿಕಾರಿಗಳಿಗೆ ಮೊದಲು ಹೊಳೆಯುವ ಉತ್ತರ ಒಂದೇ: 'ನಮ್ಮದು ಲಾಭದ ಸಂಸ್ಥೆಯಲ್ಲ, ನಿವಾಸಿಗಳ ಹಣವನ್ನು ನಿವಾಸಿಗಳಿಗೇ ಖರ್ಚು ಮಾಡುತ್ತೇವೆ.' ಮಾತು ನಿಜ, ಆದರೆ ಈ ನೋಟಿಸಿಗೆ ಅದು ಉತ್ತರವಲ್ಲ. ಇಲಾಖೆ ಕೇಳುತ್ತಿರುವುದು ಸಂಘದ ತೆರಿಗೆಯನ್ನಲ್ಲ. ಗುತ್ತಿಗೆದಾರನಿಗೆ ಹಣ ಕೊಡುವಾಗ ಅವನ ಲೆಕ್ಕಕ್ಕೆ ಹಿಡಿದು ಕಟ್ಟಬೇಕಿದ್ದ ತೆರಿಗೆಯನ್ನು ಅದು ಕೇಳುತ್ತಿದೆ.

1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಮಿನ ಪಟ್ಟಿಯಲ್ಲಿ ನೋಂದಾಯಿತ ಸಂಘಗಳೂ ಇವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡ ಸಂಘ ಇದರಿಂದ ತಪ್ಪಿಸಿಕೊಳ್ಳಲಾರದು. ಒಂದೇ ಪಾವತಿ 30,000 ರೂಪಾಯಿ ದಾಟಿದರೆ, ಇಲ್ಲವೇ ವರ್ಷದ ಒಟ್ಟು ಮೊತ್ತ ಒಂದು ಲಕ್ಷ ದಾಟಿದರೆ ಕಡಿತ ಮಾಡಬೇಕು. ಗುತ್ತಿಗೆದಾರ ವ್ಯಕ್ತಿಯಾದರೆ ಶೇ 1, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾದರೆ ಶೇ 2. ಕಾವಲುಗಾರರನ್ನು ಒದಗಿಸುವ ಏಜೆನ್ಸಿಯೂ ಸಾಮಾನ್ಯವಾಗಿ ಇಲ್ಲಿಗೇ ಸೇರುತ್ತದೆ.

ಹೀಗಾಗಿ ಮೊದಲ ಕೆಲಸ ಲೆಡ್ಜರ್ ಬಿಡಿಸಿಕೊಂಡು ಕೂರುವುದು. ವಿದ್ಯುತ್ ಬಿಲ್, ಜನರೇಟರಿಗೆ ಕೊಂಡ ಡೀಸೆಲ್ ಇವಕ್ಕೆ 194ಸಿ ಅನ್ವಯಿಸದು. ವರ್ಷಕ್ಕೆ ಒಟ್ಟು 72,000 ರೂಪಾಯಿಯ ಸಣ್ಣಪುಟ್ಟ ಬಿಲ್ ಮಾಡಿದ ಪ್ಲಂಬರ್ ಕೂಡ ಹೊರಗೆ. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿದ್ದರೆ ಆ ಭಾಗವನ್ನೂ ಬಿಡಬಹುದು. ನೋಟಿಸಿನ ಮೊತ್ತ ಇಷ್ಟರಲ್ಲೇ ಒಂದಿಷ್ಟು ಇಳಿದೀತು.

ಉಳಿದದ್ದಕ್ಕೆ ನಿಜವಾದ ಆಸರೆ 201(1)ರ ಪರಂತುಕ. ಹಣ ಪಡೆದವರು ಆ ಮೊತ್ತವನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದ್ದರೆ, ಅದನ್ನು ಚಾರ್ಟರ್ಡ್ ಅಕೌಂಟೆಂಟ್ ಫಾರ್ಮ್ 26ಎಯಲ್ಲಿ ದೃಢೀಕರಿಸಿದರೆ, ಸಂಘದಿಂದ ಅದೇ ತೆರಿಗೆಯನ್ನು ಮತ್ತೆ ವಸೂಲು ಮಾಡುವಂತಿಲ್ಲ. 'ಏಜೆನ್ಸಿಯವರು ಕಟ್ಟಿದ್ದಾರಂತೆ' ಎಂಬ ಬಾಯಿಮಾತು ನಡೆಯುವುದಿಲ್ಲ.

ಒಂದು ಲೆಕ್ಕ ನೋಡಿ. ಕಾವಲು ಕಂಪನಿಗೆ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ, ಪ್ರತಿ ತಿಂಗಳ 5ರಂದು, ಜಿಎಸ್‌ಟಿ ಬಿಟ್ಟು ಒಂದೂವರೆ ಲಕ್ಷ ಕೊಡಲಾಗಿದೆ ಎನ್ನೋಣ. ತಿಂಗಳಿಗೆ 3,000ದಂತೆ ವರ್ಷಕ್ಕೆ 36,000 ರೂಪಾಯಿ ಹಿಡಿಯಬೇಕಿತ್ತು, ಹಿಡಿದಿಲ್ಲ. ಕಂಪನಿ 2024ರ ಅಕ್ಟೋಬರ್ 31ರಂದು ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿದೆ. 26ಎ ಸಿಕ್ಕರೆ 36,000ದ ಬೇಡಿಕೆ ಬಿದ್ದುಹೋಗುತ್ತದೆ. ಬಡ್ಡಿ ಮಾತ್ರ ಬಿಡದು: ಹಿಡಿಯಬೇಕಿದ್ದ ದಿನದಿಂದ ಆ ರಿಟರ್ನ್ ಸಲ್ಲಿಕೆಯವರೆಗೆ ತಿಂಗಳಿಗೆ ಶೇ 1, ಅರೆ ತಿಂಗಳೂ ಪೂರ್ತಿ ತಿಂಗಳೇ. ಏಪ್ರಿಲ್ ಪಾವತಿಗೆ 19 ತಿಂಗಳು, ಮಾರ್ಚ್‌ನದಕ್ಕೆ 8. ಹನ್ನೆರಡೂ ಸೇರಿ 4,860 ರೂಪಾಯಿ.

ತೊಡಕು ಬರುವುದು ಏಜೆನ್ಸಿ ಬದಲಾಗಿದ್ದಾಗ. ಹಳೆಯವರು ಫೋನ್ ಎತ್ತುವುದಿಲ್ಲ, ಎತ್ತಿದರೂ ದಾಖಲೆ ಕೊಡಲು ಅವರಿಗೇನು ಗರಜು? ಅಂಥವರ ಪಾಲಿನ ತೆರಿಗೆಯನ್ನು ಬಡ್ಡಿಸಹಿತ ಸಂಘವೇ ತುಂಬಬೇಕಾದೀತು. ಆದ್ದರಿಂದ ನೋಟಿಸ್ ಕೈಗೆ ಬಂದ ದಿನವೇ ಗುತ್ತಿಗೆದಾರರಿಗೆ ಪತ್ರ ಬರೆಯಿರಿ, ಟ್ಯಾನ್ ಇಲ್ಲದಿದ್ದರೆ ಅರ್ಜಿ ಹಾಕಿ. ಪ್ರಮಾಣಪತ್ರ ಬರುವುದು ತಡವಾದರೆ, ಗಡುವಿನೊಳಗೆ ಪೋರ್ಟಲ್‌ನಲ್ಲೇ ಕಾಲಾವಕಾಶ ಕೇಳಿ. ಸುಮ್ಮನೆ ಕೂತರೆ ಪೂರ್ತಿ ಮೊತ್ತಕ್ಕೇ ಆದೇಶ ಬರಬಹುದು.