ಗೀಸರ್‌ನ ಆಯಸ್ಸು ಕಾಯುವ ಮೆಗ್ನೀಷಿಯಂ ರಾಡ್

ಗೀಸರ್‌ನ ಕಾಯಿಲ್ ಸುಟ್ಟರೆ ಬದಲಿಸಬಹುದು, ಥರ್ಮೋಸ್ಟಾಟ್ ಕೆಟ್ಟರೂ ಬದಲಿಸಬಹುದು. ಟ್ಯಾಂಕೇ ತುಕ್ಕು ಹಿಡಿದು ತೂತಾದರೆ ಮಾತ್ರ ಹೊಸ ಗೀಸರ್ ತರದೆ ದಾರಿಯಿಲ್ಲ. ಆ ದಿನವನ್ನು ಮುಂದೂಡಲೆಂದೇ ಟ್ಯಾಂಕಿನೊಳಗೆ ಒಂದು ಆನೋಡ್ ರಾಡ್ ಇರುತ್ತದೆ. ಸಾಮಾನ್ಯವಾಗಿ ಅದು ಉಕ್ಕಿನ ತಂತಿಯ ಸುತ್ತ ಎರಕ ಹೊಯ್ದ ಮೆಗ್ನೀಷಿಯಂ ಕಡ್ಡಿ.

ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನಂಥ ಎನಾಮೆಲ್ ಬಳಿದಿರುತ್ತಾರೆ. ಆ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿದೇ ಇರುತ್ತವೆ, ನೀರು ಅಲ್ಲಿಂದ ಉಕ್ಕನ್ನು ಮುಟ್ಟುತ್ತದೆ. ಮೆಗ್ನೀಷಿಯಂ ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಎರಡೂ ಒಂದೇ ನೀರಿನಲ್ಲಿದ್ದು, ಲೋಹದ ಸಂಪರ್ಕವೂ ಇದ್ದರೆ ಮೊದಲು ಕರಗುವುದು ಮೆಗ್ನೀಷಿಯಂ. ಅದು ಕರಗುತ್ತಿರುವಷ್ಟು ಕಾಲ ಉಕ್ಕು ಉಳಿಯುತ್ತದೆ.

ರಾಡ್ ಮುಗಿದುಹೋದರೂ ನೀರು ಎಂದಿನಂತೆಯೇ ಕಾಯುತ್ತದೆ. ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕಂದು ಬಣ್ಣಕ್ಕೆ ತಿರುಗಿದರೆ, ಟ್ಯಾಂಕ್ ಆಗಲೇ ತುಕ್ಕು ಹಿಡಿಯತೊಡಗಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ರಾಡನ್ನು ಹೊರತೆಗೆದು ನೋಡುವುದೊಂದೇ ಖಚಿತ ಪರೀಕ್ಷೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು. ಸಾಫ್ಟನರ್ ಹಾಕಿಸಿದ್ದರೂ ಇದು ತಪ್ಪದು. ಅಂಥ ನೀರಿನಲ್ಲಿ ಸುಣ್ಣ ಕಟ್ಟುವುದು ಕಡಿಮೆ, ಆದರೆ ರಾಡ್ ಬೇಗ ಸವೆಯಬಹುದು.

ಹೊರತೆಗೆದ ರಾಡಿನ ಮೇಲೆ ಬಿಳಿ ಸುಣ್ಣದ ಪದರವಿದ್ದರೆ ಮೊದಲು ಅದನ್ನು ಕೆರೆದು ತೆಗೆಯಬೇಕು. ಆ ಪದರದಿಂದ ರಾಡ್ ದಪ್ಪಗೆ ಕಾಣುತ್ತದೆ; ಗಟ್ಟಿಯಾಗಿ ಮುಚ್ಚಿಕೊಂಡರೆ ರಾಡ್ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಳಗಿನ ತಂತಿ ಹೊರಗೆ ಕಂಡರೆ, ಇಲ್ಲವೇ ತುಂಡುಗಳು ಕಳಚಿದ್ದರೆ ಯೋಚಿಸದೆ ಬದಲಿಸಬೇಕು.

ದಪ್ಪ ಅಳೆಯುವಾಗ ಒಂದು ಲೆಕ್ಕ ನೆನಪಿರಲಿ. ಹೊಸದಾಗಿದ್ದಾಗ 20 ಮಿಲಿಮೀಟರ್ ದಪ್ಪವಿದ್ದ ರಾಡ್ ಎರಡು ವರ್ಷದಲ್ಲಿ 14ಕ್ಕೆ ಇಳಿದಿದೆ ಎಂದುಕೊಳ್ಳೋಣ. ನೋಡುವುದಕ್ಕೆ ಮುಕ್ಕಾಲು ಪಾಲು ಉಳಿದಂತಿದೆ. ಆದರೆ ಲೋಹದ ಪ್ರಮಾಣ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನಿಜಕ್ಕೂ ಉಳಿದದ್ದು ಸುಮಾರು ಅರ್ಧ. 10ಕ್ಕೆ ಇಳಿದರೆ ಉಳಿಯುವುದು ಕಾಲು ಭಾಗವಷ್ಟೇ. 14 ಇರುವಾಗ ಮುಂದಿನ ವರ್ಷ ಖಂಡಿತ ನೋಡಿಸುತ್ತೀರಾದರೆ ಹಾಗೆಯೇ ಬಿಡಬಹುದು. ಇನ್ನೆರಡು ವರ್ಷ ಗೀಸರ್ ಬಿಚ್ಚುವುದಿಲ್ಲ ಎಂದಾದರೆ ಈಗಲೇ ಬದಲಿಸಿ. 10 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಬೇಡಿ.

ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ರಾಡ್ ಸವೆದಿದೆ ಎಂದರ್ಥವಲ್ಲ. ನೀರಿನಲ್ಲಿರುವ ಸಲ್ಫೇಟನ್ನು ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಆಗಿಸುತ್ತವೆ, ಮೆಗ್ನೀಷಿಯಂ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ರಾಡನ್ನೇ ತೆಗೆದುಬಿಟ್ಟರೆ ಟ್ಯಾಂಕಿಗೆ ರಕ್ಷಣೆ ಇಲ್ಲದಂತಾಗುತ್ತದೆ. ಟ್ಯಾಂಕ್ ಸ್ವಚ್ಛಗೊಳಿಸಿ, ಸತು ಬೆರೆತ ಅಲ್ಯುಮಿನಿಯಂ ರಾಡ್ ಹಾಕಬಹುದೇ ಎಂದು ಸರ್ವೀಸ್‌ನವರನ್ನು ಕೇಳಿ.

ಅನೇಕ ಗೀಸರ್‌ಗಳಲ್ಲಿ ರಾಡ್ ಕಾಯಿಲ್ ಜೊತೆ ಒಂದೇ ಫ್ಲ್ಯಾಂಜ್‌ನಲ್ಲಿರುತ್ತದೆ. ಎಂಸಿಬಿ ಆಫ್ ಮಾಡಿ, ಒಳಬರುವ ನೀರು ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿದ ಮೇಲೆಯೇ ಅದನ್ನು ಬಿಚ್ಚಬೇಕು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿಸಿ. ಬಿಸಿನೀರಿನ ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಬಂದ ನಂತರವೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ. ಕೊನೆಗೆ ಅಳತೆ, ತಾರೀಖು ಎರಡನ್ನೂ ಗೀಸರ್ ಮೇಲೆ ಬರೆದಿಡಿ. ಎರಡು ಸಲದ ಅಳತೆ ಸಿಕ್ಕರೆ ನಿಮ್ಮ ಮನೆಯ ನೀರಿಗೆ ರಾಡ್ ಎಷ್ಟು ವರ್ಷ ಬಾಳುತ್ತದೆ ಎಂಬುದು ತಿಳಿಯುತ್ತದೆ.