ಚೀಲದ ಮೇಲಿನ ಅಂಕಿ, ಹೊಲದ ಲೆಕ್ಕ



ಹಿಂಗಾರಿ ಬಿತ್ತನೆ ಹತ್ತಿರ ಬಂದಿತೆಂದರೆ ನನ್ನ ಮೊಬೈಲಿಗೆ ಗೊಬ್ಬರದ ಚೀಲದ ಫೋಟೋಗಳು ಬರತೊಡಗುತ್ತವೆ. ಮೊನ್ನೆ ಹುನಗುಂದ ಕಡೆಯ ಯಜಮಾನರೊಬ್ಬರು ಇಂಥದೊಂದು ಫೋಟೋ ಕಳಿಸಿ, “ಸಾಹೇಬರ, ಬಿಳಿಜೋಳಕ್ಕ ಡಿ.ಎ.ಪಿ. ಎರಡು ಚೀಲ, ಯೂರಿಯಾ ನಾಕು ಚೀಲ ಬೇಕಂತ ಮಗಾ ಲೆಕ್ಕಾ ಹಾಕ್ಯಾನ. ಇಲಕಲ್ಲಿಗೆ ಹೊಂಟೀನಿ, ತರಲೇನ್ರಿ?” ಎಂದು ಕೇಳಿದರು. ಹೊಲ ಎರಡು ಎಕರೆಯೂ ಇಲ್ಲ. “ತಡೀರಿ ಯಜಮಾನರ, ಚೀಲದ ಮಡಿಕೆ ಬಿಡಿಸಿ ಇನ್ನೊಂದು ಫೋಟೋ ಹೊಡೀರಿ” ಎಂದೆ.

ಎರಡನೆಯ ಫೋಟೋದಲ್ಲಿ ಸಂಗತಿ ತಿಳಿಯಿತು. ಚೀಲದ ಮೇಲೆ ಬೆಳೆವಾರು ಪಟ್ಟಿ ಇತ್ತು. ಮಳೆಯಾಶ್ರಿತ ಜೋಳದ ಮುಂದೆ ಸಾರಜನಕ 50, ರಂಜಕ 25 ಕಿಲೋ ಎಂದಿತ್ತು. ಮೊದಲ ಫೋಟೋದಲ್ಲಿ ಮಡಿಕೆಯೊಳಗೆ ಅಡಗಿದ್ದ ಮಾತೆಂದರೆ “ಹೆಕ್ಟೇರಿಗೆ” ಎಂಬುದು. ಮಗ ಅದನ್ನು ಎಕರೆ ಎಂದು ತಿಳಿದಿದ್ದ. ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ. ಹೀಗಾಗಿ ಗೊಬ್ಬರವೂ ಎರಡೂವರೆ ಪಟ್ಟು ಆಗಿತ್ತು. ಆದ್ದರಿಂದ ಫೋಟೋ ಹೊಡೆಯುವಾಗ ಪಟ್ಟಿಯ ತಲೆಬರಹ, ಗೊಬ್ಬರದ ಹೆಸರಿನ ಬಳಿಯ ಅಂಕಿ, ಚೀಲದ ತೂಕ ಈ ಮೂರೂ ಕಾಣಲೇಬೇಕು. ಪಟ್ಟಿಯೇ ಇಲ್ಲದ ಚೀಲಗಳೂ ಉಂಟು. ಆಗ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿರಿ.

ಇನ್ನು ಹೊಲದ ಅಳತೆ. ಯಜಮಾನರ ಉತಾರದಲ್ಲಿ 1-35 ಇತ್ತು, ಅದರಲ್ಲಿ ಖರಾಬು 5 ಗುಂಟೆ. ಖರಾಬಿಗೆ ಗೊಬ್ಬರ ಯಾಕೆ? ಅದನ್ನು ಕಳೆದರೆ 1 ಎಕರೆ 30 ಗುಂಟೆ. ಇದನ್ನು ಮೊಬೈಲಿನಲ್ಲಿ 1.30 ಎಂದು ಒತ್ತಿ ಗುಣಿಸಬೇಡಿರಿ. ಎಕರೆಗೆ 40 ಗುಂಟೆ, ಆದ್ದರಿಂದ ಅದು ಒಂದೂ ಮುಕ್ಕಾಲು ಎಕರೆ. ಎಲ್ಲವನ್ನೂ ಗುಂಟೆ ಮಾಡಿಬಿಟ್ಟರೆ ತಂಟೆಯಿಲ್ಲ: 40 ಮತ್ತು 30 ಸೇರಿ 70 ಗುಂಟೆ. ಒಂದು ಹೆಕ್ಟೇರಿಗೆ ಹೆಚ್ಚುಕಡಿಮೆ 100 ಗುಂಟೆ. ಅಂದಮೇಲೆ 70 ಗುಂಟೆಗೆ ನೂರರಲ್ಲಿ ಎಪ್ಪತ್ತು ಪಾಲು. ಸಾರಜನಕ 50ಕ್ಕೆ 35 ಕಿಲೋ, ರಂಜಕ 25ಕ್ಕೆ ಹದಿನೇಳೂವರೆ ಕಿಲೋ.

ಇವು ಸತ್ವದ ಕಿಲೋಗಳು, ಗೊಬ್ಬರದ ಕಿಲೋಗಳಲ್ಲ. ಡಿ.ಎ.ಪಿ. ಚೀಲದ ಮೇಲೆ 18:46:0 ಎಂದಿರುತ್ತದೆ. 100 ಕಿಲೋ ಡಿ.ಎ.ಪಿ.ಯಲ್ಲಿ ಸಾರಜನಕ 18, ರಂಜಕ 46 ಕಿಲೋ, ಪೊಟ್ಯಾಶ್ ಇಲ್ಲ ಎಂದು ಅದರ ಅರ್ಥ. ಲೆಕ್ಕವನ್ನು ರಂಜಕದಿಂದಲೇ ಹಿಡಿಯಬೇಕು, ಏಕೆಂದರೆ ಯೂರಿಯಾದಲ್ಲಿ ರಂಜಕವಿಲ್ಲ. ಹದಿನೇಳೂವರೆಯನ್ನು 100ರಿಂದ ಗುಣಿಸಿ 46ರಿಂದ ಭಾಗಿಸಿದರೆ 38 ಬರುತ್ತದೆ. ಡಿ.ಎ.ಪಿ. 38 ಕಿಲೋ. 50 ಕಿಲೋ ಚೀಲದಲ್ಲಿ 12 ಕಿಲೋ ಉಳಿಯಿತು.

ಈ 38 ಕಿಲೋದೊಳಗೆ ಸಾರಜನಕವೂ ಸುಮಾರು 7 ಕಿಲೋ ಬಂತು. ಬಹಳ ಜನ ಇದನ್ನು ಕಳೆಯಲು ಮರೆಯುತ್ತಾರೆ. 35ರಲ್ಲಿ 7 ಕಳೆದರೆ ಬೇಕಾದದ್ದು 28. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಮೊದಲಿನಂತೆಯೇ ಗುಣಿಸಿ ಭಾಗಿಸಿದರೆ 61 ಕಿಲೋ. ಯೂರಿಯಾ ಚೀಲ ಮೊದಲಿನಂತೆ 50 ಕಿಲೋ ಅಲ್ಲ, 45 ಕಿಲೋ. ಎಂದರೆ ಒಂದು ತುಂಬಿದ ಚೀಲ, ಎರಡನೆಯದರಲ್ಲಿ 16 ಕಿಲೋ. ಯಜಮಾನರು ನಾಲ್ಕು ತರಲು ಹೊರಟಿದ್ದರು!

ಹೆಚ್ಚು ಹಾಕಿದರೆ ಬೆಳೆ ಹೆಚ್ಚು ಬಂದೀತು ಎನ್ನುವಿರಾ? ಹಿಂಗಾರಿ ಜೋಳ ಎರಿ ಭೂಮಿಯ ಹಸಿಯ ಮೇಲೆ ಬದುಕುವ ಬೆಳೆ. ಯೂರಿಯಾ ಅತಿಯಾದರೆ ಎಲೆ ಕಪ್ಪಗೆ ಸೊಂಪಾಗಿ ಬೆಳೆದು ಹಸಿಯನ್ನು ಬೇಗ ಹೀರಿಬಿಡುತ್ತದೆ. ತೆನೆ ಕಾಳುಗಟ್ಟುವ ಹೊತ್ತಿಗೆ ನೆಲ ಒಣಗಿರುತ್ತದೆ. ಬೀಜಕ್ಕೆ ತಗಲುವಂತೆ ಬಿದ್ದರಂತೂ ಮೊಳಕೆಯೇ ಸುಡುತ್ತದೆ. ಗೊಬ್ಬರ ಬೀಜದ ಮಗ್ಗುಲಿಗೆ, ತುಸು ಆಳಕ್ಕೆ ಇಳಿಯಬೇಕು.

ಚೀಲದ ಪಟ್ಟಿಗೂ ಒಂದು ಮಿತಿಯಿದೆ. ಹುನಗುಂದದ ಎರಿ, ಬಾದಾಮಿಯ ಮಸಾರಿ ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರ ಅಂಕಿಯನ್ನೇ ಹಿಡಿಯಿರಿ. ಲೆಕ್ಕದ ರೀತಿ ಇದೇ.

ಬಿತ್ತುವ ದಿನ 10 ಗುಂಟೆ ಗುರುತು ಮಾಡಿಕೊಳ್ಳಿರಿ. ಈ ಹೊಲಕ್ಕೆ ಅಷ್ಟರಲ್ಲಿ ಡಿ.ಎ.ಪಿ. ಸುಮಾರು ಐದೂವರೆ ಕಿಲೋ, ಯೂರಿಯಾ ಸುಮಾರು ಎಂಟೂ ಮುಕ್ಕಾಲು ಕಿಲೋ ಇಳಿಯಬೇಕು. ಅಷ್ಟನ್ನೇ ತೂಗಿ ಬುಟ್ಟಿಗೆ ಹಾಕಿರಿ. ಗುರುತಿಗೆ ಮೊದಲೇ ಬುಟ್ಟಿ ಬರಿದಾದರೆ ಕೈ ಬಿಗಿಹಿಡಿಯಬೇಕು, ಉಳಿದರೆ ಸಡಿಲಿಸಬೇಕು. ಇನ್ನೂ 60 ಗುಂಟೆ ಮುಂದಿರುವಾಗಲೇ ಇದು ತಿಳಿದುಹೋಗುತ್ತದೆ.