ಗೋದಾಮಿನಲ್ಲಿಟ್ಟ ತೊಗರಿ ಯಾರದು?

ಕಲಬುರಗಿ ಕಡೆಯ ರೈತರೊಬ್ಬರು ಸುಗ್ಗಿಯಲ್ಲಿ ದರ ಕುಸಿದಿದೆ ಎಂದು 50 ಕಿಲೋದ 100 ಚೀಲ ತೊಗರಿಯನ್ನು ಗೋದಾಮಿನಲ್ಲಿಟ್ಟರು ಎಂದುಕೊಳ್ಳೋಣ. ಗೋದಾಮಿನ ರಸೀದಿಯನ್ನು ಬ್ಯಾಂಕಿಗೆ ಕೊಟ್ಟು 2 ಲಕ್ಷ ರೂಪಾಯಿ ಸಾಲ ಪಡೆದರು. ಈಗ ಆ ತೊಗರಿ ಯಾರದು? ರೈತರದೇ. ಗೋದಾಮಿನವರದು ಕಾಯುವ ಹೊಣೆ, ಬ್ಯಾಂಕಿನದು ಸಾಲ ತೀರುವವರೆಗಿನ ಹಿಡಿತ. ಮೊದಲನೆಯದನ್ನು ಕಾನೂನು ನಿಕ್ಷೇಪ ಎನ್ನುತ್ತದೆ, ಎರಡನೆಯದನ್ನು ಗಿರವಿ. ಎರಡಕ್ಕೂ ಆಧಾರ 1872ರ ಭಾರತೀಯ ಕರಾರು ಕಾಯಿದೆ.

ಮಳೆಗಾಲದಲ್ಲಿ ಚಾವಣಿ ಸೋರಿ 20 ಚೀಲ ಬೂಸ್ಟು ಹಿಡಿಯಿತು. ಕಾಯಿದೆಯ 151ನೇ ಕಲಮಿನಂತೆ, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನದೇ ಮಾಲನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆಯೇ ಗೋದಾಮಿನವರು ಪರರ ಮಾಲನ್ನೂ ನೋಡಿಕೊಳ್ಳಬೇಕು. ಅಷ್ಟು ಜಾಗ್ರತೆ ವಹಿಸಿಯೂ ನಷ್ಟವಾದರೆ ಅವರು ಸಾಮಾನ್ಯವಾಗಿ ಹೊಣೆಯಲ್ಲ. ಆದರೆ ಜಾಗ್ರತೆ ವಹಿಸಿದ್ದನ್ನು ತೋರಿಸಬೇಕಾದವರು ಅವರೇ. ಮಳೆಗೆ ಮುಂಚೆ ಚಾವಣಿ ನೋಡಿಸಿದ್ದರೇ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರವಾಗಿ ಒಟ್ಟಿದ್ದರೇ? ಇಲ್ಲವಾದರೆ ಕೆಟ್ಟ 10 ಕ್ವಿಂಟಲ್‌ಗೆ ಪರಿಹಾರ ಕೊಡಬೇಕು. ಕ್ವಿಂಟಲ್‌ಗೆ 7,000 ರೂಪಾಯಿ ದರವಿದ್ದರೆ ಅದು 70,000 ರೂಪಾಯಿ.

ರೈತರು ತೋರಿಸಬೇಕಾದದ್ದು ಒಂದೇ: ಒಳಗೆ ಹೋಗುವಾಗ ಮಾಲು ಚೆನ್ನಾಗಿತ್ತು ಎಂದು. ಅದಕ್ಕೇ ರಸೀದಿಯಲ್ಲಿ ಚೀಲದ ಲೆಕ್ಕದ ಜೊತೆ ತೂಕ, ತೇವಾಂಶ, ದರ್ಜೆಯೂ ಇರಬೇಕು. ಬರೀ ‘100 ಚೀಲ’ ಎಂದಿದ್ದರೆ, ಬರುವಾಗಲೇ ಕಾಳು ಹಸಿಯಿತ್ತು ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟ.

ಇನ್ನು ಬ್ಯಾಂಕಿನ ವಿಷಯ. ಗಡುವು ಮೀರಿದರೆ ಅದು ಗಿರವಿ ಮಾಲನ್ನು ಮಾರಬಹುದು. ಆದರೆ 176ನೇ ಕಲಮಿನಂತೆ ಸಾಕಷ್ಟು ಮುಂಚಿತವಾಗಿ ನೋಟಿಸ್ ಕೊಡಲೇಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನೋಟಿಸ್ ಕಡ್ಡಾಯ ಎಂದಿದೆ. ಗಡುವು ಮೀರಿತೆಂದು ಮಾಲು ತಾನಾಗಿ ಬ್ಯಾಂಕಿನದಾಗುವುದಿಲ್ಲ. ಮಾರಾಟ ನಿಜವಾಗಿ ನಡೆಯುವವರೆಗೂ ರೈತರು ಬಾಕಿ ಮತ್ತು ತಡವಾದ್ದರಿಂದ ಆದ ಖರ್ಚು ಕಟ್ಟಿ ಅದನ್ನು ಬಿಡಿಸಿಕೊಳ್ಳಬಹುದು. ಉಳಿದ 80 ಚೀಲ 2,80,000 ರೂಪಾಯಿಗೆ ಹೋಗಿ, ಬಡ್ಡಿ, ಖರ್ಚು ಸೇರಿ ಬಾಕಿ 2,15,000 ಇದ್ದರೆ, ಮಿಕ್ಕ 65,000 ರೂಪಾಯಿ ರೈತರಿಗೇ ಸೇರಬೇಕು.

ಸಾಲ ಕೊಟ್ಟವರೇ ಮಾಲನ್ನು ಕಳೆದುಹಾಕಿದ್ದರೆ? ಲಲ್ಲನ್ ಪ್ರಸಾದ್ ಮತ್ತು ರಹಮತ್ ಅಲಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಾಲನ್ನು ಹಿಂದಿರುಗಿಸಲಾಗದವರಿಗೆ, ಅದನ್ನೂ ಇಟ್ಟುಕೊಂಡು ಸಾಲವನ್ನೂ ವಸೂಲು ಮಾಡುವ ಹಕ್ಕಿಲ್ಲ.

ಆದ್ದರಿಂದ ರೈತ ಬಂಧುಗಳೇ, ಚೀಲ ಇಳಿಸಿದ ದಿನವೇ ರಸೀದಿಯನ್ನು ಪೂರ್ತಿ ಓದಿ. ತೂಕ, ತೇವಾಂಶ ಬರೆದಿಲ್ಲದಿದ್ದರೆ ಬರೆಸಿಕೊಂಡೇ ಮನೆಗೆ ಹೊರಡಿ.